ಓದುವ ಬರಹವನ್ನು ಆಡುವ ಮಾತಾಗಿಸುವುದು: ನಿರೂಪಕರು ತಡವರಿಸದಂಥ ಸ್ಕ್ರಿಪ್ಟ್ ಬರೆಯಲು ಸಮಗ್ರ ಮಾರ್ಗದರ್ಶಿ

ಮೊದಲು ಈ ವಾಕ್ಯವನ್ನು ಗಟ್ಟಿಯಾಗಿ ಒಮ್ಮೆ ಓದಿ. ಮನಸ್ಸಿನಲ್ಲಿ ಓದಿದರೆ ಸಾಲದು, ಬಾಯಿಬಿಟ್ಟು ಓದಬೇಕು.

> ಇತ್ತೀಚಿನ ದಿನಗಳಲ್ಲಿ ಬಹುತೇಕ ಎಲ್ಲಾ ಸ್ಮಾರ್ಟ್‌ಫೋನ್‌ಗಳಲ್ಲಿ ಬಳಸಲಾಗುತ್ತಿರುವ ಲಿಥಿಯಂ-ಅಯಾನ್ ಬ್ಯಾಟರಿಗಳು, ಅಧಿಕ ಉಷ್ಣಾಂಶಕ್ಕೆ ಒಡ್ಡಲ್ಪಟ್ಟಾಗ ಹಾಗೂ ದೀರ್ಘಕಾಲ ಶೇ. 100ರಷ್ಟು ಚಾರ್ಜ್ ಆದ ಸ್ಥಿತಿಯಲ್ಲಿಯೇ ಇರಿಸಲ್ಪಟ್ಟಾಗ ತಮ್ಮ ಸಾಮರ್ಥ್ಯವನ್ನು ಸಾಮಾನ್ಯಕ್ಕಿಂತ ಶೀಘ್ರವಾಗಿ ಕಳೆದುಕೊಳ್ಳುವುದರಿಂದ, ಕೆಲವು ತಿಂಗಳುಗಳ ಕಾಲ ಬಳಸದೇ ಇರಿಸಬೇಕಾಗಿರುವ ಫೋನನ್ನು ಸುಮಾರು ಶೇ. 50ರಷ್ಟು ಚಾರ್ಜ್ ಮಾಡಿ, ಸ್ವಿಚ್ ಆಫ್ ಮಾಡಿ, ತಂಪಾದ (32° ಸೆ.ಗಿಂತ ಕಡಿಮೆ) ಸ್ಥಳದಲ್ಲಿ ಇರಿಸುವುದು ಸೂಕ್ತ.

ಬ್ಲಾಗ್ ಬರಹವಾಗಿ ಇದರಲ್ಲಿ ತಪ್ಪೇನೂ ಇಲ್ಲ. ವ್ಯಾಕರಣ ಸರಿಯಿದೆ, ಮಾಹಿತಿಯೂ ಸರಿಯಿದೆ. ಕಣ್ಣಿಗೆ ಹಿಂದಕ್ಕೆ ಹೋಗಿ ಮತ್ತೆ ಓದುವ ಅವಕಾಶ ಇರುವುದರಿಂದ ಓದುಗನಿಗೆ ತೊಂದರೆಯಾಗುವುದಿಲ್ಲ. ಆದರೆ ಕ್ಯಾಮೆರಾ ಮುಂದೆ ಕೂತವರು ಇದನ್ನು ಹೇಳಹೊರಟರೆ ನಾಲ್ಕೈದು ಕಡೆಯಾದರೂ ಮುಗ್ಗರಿಸುತ್ತಾರೆ. ಸಾಮಾನ್ಯವಾಗಿ ಆಗ ಬರುವ ಸಲಹೆ ‘ಇನ್ನೆರಡು ಸಲ ಅಭ್ಯಾಸ ಮಾಡಿ’ ಎಂಬುದು. ಈ ಸಲಹೆಯಿಂದ ಹೆಚ್ಚು ಪ್ರಯೋಜನವಿಲ್ಲ. ತಡವರಿಕೆಯಲ್ಲಿ ಬಹುಪಾಲು ನಾಲಿಗೆಯ ದೋಷವಲ್ಲ, ವಾಕ್ಯದ ದೋಷ. ನಿರೂಪಕರು ಎಲ್ಲಿ ಎಡವಿದರು, ಹೇಗೆ ಎಡವಿದರು ಎಂಬುದನ್ನು ಗಮನಿಸಿದರೆ ವಾಕ್ಯದ ಯಾವ ಭಾಗ ಕೆಟ್ಟಿದೆ ಎಂದು ಗೊತ್ತಾಗುತ್ತದೆ.

ಮೇಲಿನ ವಾಕ್ಯವನ್ನೇ ಹಿಡಿದುಕೊಂಡು ಕೊನೆಯವರೆಗೂ ಹೋಗೋಣ.

ಹಂತ 1: ತಿದ್ದದೆ ಓದಿ, ಗುರುತು ಹಾಕಿ

ಬರಹದ ಒಂದು ಪ್ರತಿ ತೆಗೆದುಕೊಂಡು, ಕೈಯಲ್ಲಿ ಪೆನ್ನು ಹಿಡಿದು, ಸಹಜ ವೇಗದಲ್ಲಿ ಗಟ್ಟಿಯಾಗಿ ಓದಿ. ಈ ಸುತ್ತಿನಲ್ಲಿ ಒಂದಕ್ಷರವನ್ನೂ ತಿದ್ದಬೇಡಿ. ತಿದ್ದುತ್ತ ಹೋದರೆ ಗಮನವೆಲ್ಲ ಪದಗಳ ಮೇಲೆ ನಿಲ್ಲುತ್ತದೆ, ಎಲ್ಲಿ ಎಡವಿದಿರಿ ಎಂಬುದು ಮರೆತುಹೋಗುತ್ತದೆ. ಎಡವಿದ ಕಡೆ ಮೂರರಲ್ಲಿ ಒಂದು ಗುರುತು ಹಾಕಿದರೆ ಸಾಕು.

‘ಉ’ ಎಂದರೆ ಉಸಿರು. ವಾಕ್ಯ ಮುಗಿಯುವ ಮೊದಲೇ ಉಸಿರು ಮುಗಿದಿದೆ, ಅಥವಾ ನಿಲ್ಲಬಾರದ ಜಾಗದಲ್ಲಿ ನಿಲ್ಲಬೇಕಾಗಿದೆ.

‘ನಾ’ ಎಂದರೆ ನಾಲಿಗೆ. ಪದ ಗೊತ್ತಿದೆ, ಅರ್ಥ ಗೊತ್ತಿದೆ, ಆದರೂ ಬಾಯಿ ಹೊರಳಲಿಲ್ಲ.

‘ಅ’ ಎಂದರೆ ಅರ್ಥ. ಒಂದು ರಾಗದಲ್ಲಿ ಶುರುಮಾಡಿ, ಮುಂದೆ ಬಂದ ಪದ ನೋಡಿ, ‘ಓ, ಇದು ಹಾಗಲ್ಲ’ ಎಂದು ಹಿಂದಕ್ಕೆ ಹೋಗಬೇಕಾಗಿದೆ. ಮಾತು ನಿಲ್ಲದಿದ್ದರೂ ಒತ್ತು ತಪ್ಪಾದ ಪದದ ಮೇಲೆ ಬಿದ್ದಿದ್ದರೆ ಅದೂ ‘ಅ’.

ಈ ವಿಂಗಡಣೆ ಏಕೆಂದರೆ ಮೂರಕ್ಕೂ ಮದ್ದು ಬೇರೆ. ಉಸಿರಿನ ಸಮಸ್ಯೆಗೆ ವಾಕ್ಯ ಒಡೆಯಬೇಕು, ನಾಲಿಗೆಯ ಸಮಸ್ಯೆಗೆ ಒಂದೆರಡು ಪದ ಬದಲಿಸಿದರೆ ಸಾಕು, ಅರ್ಥದ ಸಮಸ್ಯೆಗೆ ವಾಕ್ಯದ ಕ್ರಮವನ್ನೇ ತಿರುಗಿಸಬೇಕು. ಅರ್ಥದ ಎಡವಟ್ಟಿಗೆ ಸುಲಭ ಪದ ಹಾಕುತ್ತ ಕೂತರೆ ಎಷ್ಟು ಹೊತ್ತಾದರೂ ಅದು ಸರಿಹೋಗುವುದಿಲ್ಲ. ಈ ಕೆಲಸದಲ್ಲಿ ಹೊಸಬರು ಮಾಡುವ ಮೊದಲ ತಪ್ಪೇ ಇದು: ಸಂಸ್ಕೃತ ಪದಗಳನ್ನೆಲ್ಲ ಹುಡುಕಿ ಹುಡುಕಿ ಬದಲಿಸುತ್ತಾರೆ, ವಾಕ್ಯದ ಎಲುಬನ್ನು ಮಾತ್ರ ಹಾಗೇ ಬಿಡುತ್ತಾರೆ.

ನಮ್ಮ ಉದಾಹರಣೆಯಲ್ಲಿ ಗುರುತುಗಳು ಹೆಚ್ಚುಕಡಿಮೆ ಹೀಗೆ ಬೀಳುತ್ತವೆ. ‘ಇರಿಸಲ್ಪಟ್ಟಾಗ’ ಎನ್ನುವ ಹೊತ್ತಿಗೆ ಉಸಿರು ಮುಗಿಯುತ್ತದೆ: ಉ. ‘ಸಾಮರ್ಥ್ಯವನ್ನು ಸಾಮಾನ್ಯಕ್ಕಿಂತ’ ಎಂಬಲ್ಲಿ ನಾಲಿಗೆ ತೊಡರುತ್ತದೆ: ನಾ. ‘ಇರಿಸಬೇಕಾಗಿರುವ’ ಎಂಬಲ್ಲಿ ವಾಕ್ಯ ಮುಗಿಯಿತೆಂದು ದನಿ ಇಳಿಸುತ್ತೇವೆ, ತಕ್ಷಣ ‘ಫೋನನ್ನು’ ಬಂದು ಬಿದ್ದು ದನಿಯನ್ನು ಮತ್ತೆ ಎತ್ತಬೇಕಾಗುತ್ತದೆ: ಅ. ‘ಶೇ. 100ರಷ್ಟು’ ಮತ್ತು ‘32° ಸೆ.ಗಿಂತ’ ಎಂಬಲ್ಲಿ ಕಣ್ಣು ನಿಲ್ಲುತ್ತದೆ. ಇವನ್ನು ಸದ್ಯಕ್ಕೆ ‘ನಾ’ ಎಂದೇ ಬರೆದುಕೊಳ್ಳಿ.

ಹಂತ 2: ಹಾಳೆ ಮಗುಚಿಟ್ಟು ಹೇಳಿ

ಒಂದು ಪ್ಯಾರಾ ಓದಿ, ಹಾಳೆಯನ್ನು ಮಗುಚಿಡಿ. ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿಕೊಂಡು, ಎದುರಿಗೆ ಒಬ್ಬರು ಕೂತು ‘ಏನದು?’ ಎಂದು ಕೇಳಿದ್ದಾರೆ ಅಂದುಕೊಂಡು ಅದರ ತಿರುಳನ್ನು ಹೇಳಿ. ಚೆನ್ನಾಗಿ ಹೇಳಬೇಕೆಂದಿಲ್ಲ. ಒಂದು ಪ್ಯಾರಾಕ್ಕೆ ಒಂದೇ ಸಲ ಸಾಕು. ಎರಡನೇ ಸಲ ಹೇಳಿದರೆ ಆಗಲೇ ‘ಭಾಷಣ’ ಶುರುವಾಗಿಬಿಡುತ್ತದೆ.

ರೆಕಾರ್ಡಿಂಗಿನಿಂದ ನಮಗೆ ಬೇಕಾದದ್ದು ಪದಗಳಲ್ಲ, ಕ್ರಮ. ಬಾಯಿಯಲ್ಲಿ ಹೇಳುವಾಗ ಯಾವುದು ಮೊದಲು ಬಂತು, ಯಾವುದು ಆಮೇಲೆ ಬಂತು, ಯಾವುದು ಬರಲೇ ಇಲ್ಲ ಎಂದು ಬರೆದುಕೊಳ್ಳಿ. ಬ್ಯಾಟರಿಯ ಪ್ಯಾರಾ ಹೇಳಿದರೆ ಯಾರ ಬಾಯಲ್ಲೂ ‘ಬಹುತೇಕ ಎಲ್ಲಾ ಸ್ಮಾರ್ಟ್‌ಫೋನ್‌ಗಳಲ್ಲಿ ಬಳಸಲಾಗುತ್ತಿರುವ’ ಎಂಬುದು ಮೊದಲು ಬರುವುದಿಲ್ಲ. ‘ಬ್ಯಾಟರಿಗೆ ಬಿಸಿ ಆಗಲ್ಲ, ಫುಲ್ ಚಾರ್ಜಲ್ಲಿ ಇಡೋದೂ ಆಗಲ್ಲ’ ಎಂಬುದು ಬರುತ್ತದೆ. ಆಮೇಲೆ ‘ಸುಮ್ಮನೆ ಇಡೋ ಫೋನ್ ಇದ್ರೆ ಅರ್ಧ ಚಾರ್ಜ್ ಮಾಡಿ ಇಡಿ’ ಎಂಬುದು. ಕಾರಣ, ಸನ್ನಿವೇಶ, ಕೆಲಸ: ಈ ಮೂರರ ಸಾಲು ತಾನಾಗಿಯೇ ಸಿಕ್ಕಿತು.

ಬಾರದೇ ಹೋದ ಸಂಗತಿಗಳ ಪಟ್ಟಿಯನ್ನು ಬೇರೆ ಇಟ್ಟುಕೊಳ್ಳಿ. ಇಲ್ಲಿ ಲಿಥಿಯಂ-ಅಯಾನ್ ಎಂಬ ಹೆಸರು ಮತ್ತು 32 ಡಿಗ್ರಿ ಬಿಟ್ಟುಹೋಗಿವೆ. ಎರಡನೆಯದು ಕೇಳುಗನಿಗೆ ಉಪಯೋಗಕ್ಕೆ ಬರುವ ಅಂಕಿ, ಹಾಗಾಗಿ ವಾಪಸ್ ಬರಬೇಕು. ಮೊದಲನೆಯದು ಮುಂದೆ ಎಲ್ಲಾದರೂ ಬಳಕೆಯಾಗುವುದಾದರೆ ಮಾತ್ರ ಬೇಕು. ಇಲ್ಲವಾದರೆ ಬಿಟ್ಟರೂ ನಷ್ಟವಿಲ್ಲ.

ಹಂತ 3: ಹೆಸರಿನ ಮುಂದಿನ ಹೊರೆ ಇಳಿಸಿ

ಕನ್ನಡದ ಬರಹ ಮಾತಿನಲ್ಲಿ ಎಡವುವುದಕ್ಕೆ ದೊಡ್ಡ ಕಾರಣ ಇದು. ನಮ್ಮ ಭಾಷೆಯಲ್ಲಿ ವಿವರಣೆಯೆಲ್ಲ ಹೆಸರಿನ ಮುಂದೆ ಬರುತ್ತದೆ, ಕ್ರಿಯಾಪದ ವಾಕ್ಯದ ತುದಿಯಲ್ಲಿ ಬರುತ್ತದೆ. ‘ಬಳಸದೇ ಇರಿಸಬೇಕಾಗಿರುವ ಫೋನು’ ಎಂದಾಗ ‘ಫೋನು’ ಬರುವವರೆಗೂ ಯಾವುದರ ಬಗ್ಗೆ ಮಾತು ನಡೆದಿದೆ ಎಂಬುದು ಕೇಳುಗನಿಗೆ ಗೊತ್ತಿಲ್ಲ. ಓದುಗನ ಕಣ್ಣು ಎರಡು ಪದ ಮುಂದಕ್ಕೆ ಓಡಿ ‘ಫೋನು’ ಎಂದು ನೋಡಿಬಿಡುತ್ತದೆ, ಕಿವಿಗೆ ಆ ಸೌಕರ್ಯವಿಲ್ಲ. ನಿರೂಪಕರಿಗೂ ಇದೇ ಕಷ್ಟ: ಎಲ್ಲಿ ಒತ್ತು ಕೊಡಬೇಕೆಂಬುದು ಹೆಸರು ಸಿಕ್ಕಿದ ಮೇಲೆ ಗೊತ್ತಾಗುತ್ತದೆ, ಅಷ್ಟರಲ್ಲಿ ಅರ್ಧ ಮಾತು ಆಡಿಯಾಗಿರುತ್ತದೆ.

ಮೊದಲು ಹೊರೆಯನ್ನು ಗುರುತಿಸಿ. ‘-ಉವ’, ‘-ಇದ’, ‘-ಆದ’, ‘-ಇರುವ’, ‘-ಎಂಬ’ ಎಂದು ಮುಗಿಯುವ ಪದಗಳಿಗೆಲ್ಲ ಗೆರೆ ಎಳೆಯಿರಿ. ಒಂದು ಹೆಸರಿನ ಮುಂದೆ ಇಂಥದ್ದು ಒಂದಿದ್ದರೆ ಬಿಡಿ, ಅದು ಮಾತಿನಲ್ಲೂ ಇರುತ್ತದೆ. ಎರಡಿದ್ದರೆ ಬಾಯಲ್ಲಿ ಹೇಳಿ ನೋಡಿ. ಮೂರಿದ್ದರೆ ಯೋಚಿಸುವ ಅಗತ್ಯವೇ ಇಲ್ಲ, ಒಡೆಯಬೇಕು.

ಒಡೆಯುವ ಬಗೆ ಹೀಗೆ. ಹೆಸರನ್ನು ಹೊರಗೆಳೆದು ವಾಕ್ಯದ ಮೊದಲಿಗೆ ತನ್ನಿ. ಆಮೇಲೆ ಪ್ರತಿ ವಿವರಣೆಯನ್ನೂ ಅದರದೇ ಕ್ರಿಯಾಪದದೊಂದಿಗೆ ಒಂದೊಂದು ಪುಟ್ಟ ವಾಕ್ಯವಾಗಿ ನಿಲ್ಲಿಸಿ. ‘ಕೆಲವು ತಿಂಗಳುಗಳ ಕಾಲ ಬಳಸದೇ ಇರಿಸಬೇಕಾಗಿರುವ ಫೋನನ್ನು…’ ಎಂಬುದು ‘ಈಗ ಒಂದು ಫೋನನ್ನ ಕೆಲವು ತಿಂಗಳು ಬಳಸಲ್ಲ ಅಂತಿಟ್ಟುಕೊಳ್ಳಿ. ಅದಕ್ಕೆ…’ ಎಂದಾಗುತ್ತದೆ. ಇಲ್ಲಿ ‘ಅದಕ್ಕೆ’ ಎಂಬ ಪುಟ್ಟ ಪದ ಬಹಳ ಕೆಲಸ ಮಾಡುತ್ತದೆ. ಮೊದಲ ವಾಕ್ಯದಲ್ಲಿ ನಿಲ್ಲಿಸಿದ ಚಿತ್ರವನ್ನು ಎರಡನೆಯದು ಆ ಪದದಿಂದ ಕೈಹಿಡಿದು ಮುಂದಕ್ಕೆ ಕರೆದುಕೊಂಡು ಹೋಗುತ್ತದೆ.

‘-ವುದರಿಂದ’ ಎಂಬುದೂ ಇದೇ ಜಾತಿಯದು. ‘ಕಳೆದುಕೊಳ್ಳುವುದರಿಂದ’ ಎಂಬ ಪದ ಒಂದು ಇಡೀ ವಾಕ್ಯವನ್ನು ಹೊಟ್ಟೆಯಲ್ಲಿಟ್ಟುಕೊಂಡು, ಮುಂದೆ ಇನ್ನೊಂದು ವಾಕ್ಯ ಬರಲಿದೆ ಎಂದು ಕಾಯಿಸುತ್ತದೆ. ಅದನ್ನು ಕತ್ತರಿಸಿ ಪೂರ್ಣವಿರಾಮ ಹಾಕಿ, ಮುಂದಿನ ವಾಕ್ಯವನ್ನು ‘ಅದಕ್ಕೇ’ ಎಂದು ಶುರುಮಾಡಬಹುದು. ಸಂಬಂಧ ಸ್ಪಷ್ಟವಾಗಿದ್ದರೆ ‘ಅದಕ್ಕೇ’ ಕೂಡ ಬೇಡ.

ವಾಕ್ಯ ಎಷ್ಟುದ್ದ ಇರಬೇಕು? ಏಳೆಂಟು ಪದ ಇದ್ದರೆ ಹೆಚ್ಚಿನವರಿಗೆ ಒಂದೇ ಉಸಿರಿಗೆ ನಿರಾಳವಾಗಿ ಬರುತ್ತದೆ. ಹನ್ನೆರಡು ದಾಟಿದರೆ ನಡುವೆ ಒಂದು ನಿಲುಗಡೆ ಬೇಕು. ಇದು ಕೈಯಳತೆ, ನಿಯಮವಲ್ಲ. ಕನ್ನಡದಲ್ಲಿ ಪದಕ್ಕೆ ಪ್ರತ್ಯಯಗಳು ಅಂಟುತ್ತ ಹೋಗುವುದರಿಂದ ಪದಗಳ ಲೆಕ್ಕ ಕೆಲವೊಮ್ಮೆ ಮೋಸ ಮಾಡುತ್ತದೆ. ‘ಮಾಡಬೇಕಾಗಿರುವುದರಿಂದ’ ಎಂಬುದು ಎಣಿಕೆಯಲ್ಲಿ ಒಂದೇ ಪದ, ಬಾಯಲ್ಲಿ ಹತ್ತು ಅಕ್ಷರ. ಅನುಮಾನ ಬಂದರೆ ಪದ ಬಿಟ್ಟು ಅಕ್ಷರ ಎಣಿಸಿ.

ಇದಕ್ಕೆ ಎದುರಾದ ತಪ್ಪೂ ಇದೆ. ಎಲ್ಲ ವಾಕ್ಯವನ್ನೂ ನಾಲ್ಕು ಪದಕ್ಕೆ ಕತ್ತರಿಸಿದರೆ ಪ್ರತಿ ವಾಕ್ಯದ ತುದಿಯಲ್ಲೂ ದನಿ ಇಳಿಯುತ್ತದೆ, ಕೇಳುವವರಿಗೆ ಮೊಳೆ ಹೊಡೆದ ಹಾಗೆ ಅನಿಸುತ್ತದೆ. ಸತತ ಮೂರು ಗಿಡ್ಡ ವಾಕ್ಯ ಬಂದ ಮೇಲೆ ಒಂದು ಉದ್ದದ್ದು ಬರಲಿ, ಅಥವಾ ‘ಅಂದ್ರೆ’, ‘ಹಾಗಂತ’, ‘ಆಮೇಲೆ’ ಎಂಬಂಥ ಕೊಂಡಿ ಬರಲಿ. ಕೊಂಡಿ ಬೇಕೆಂದ ಮಾತ್ರಕ್ಕೆ ‘ನೋಡಿ ಸ್ನೇಹಿತರೇ’, ‘ಅಂತ ಹೇಳಬಹುದು’ ಎಂದು ತುಂಬಬೇಡಿ. ಮಾತಿನ ಸಹಜತೆ ಇರುವುದು ವಾಕ್ಯದ ಕ್ರಮದಲ್ಲಿ, ಇಂಥ ಒಗ್ಗರಣೆಯಲ್ಲಿ ಅಲ್ಲ.

ಹಂತ 4: ಕ್ರಿಯಾಪದದ ಮೂರು ಬಲೆಗಳು

ಮೊದಲನೆಯದು ಕರ್ಮಣಿ ಪ್ರಯೋಗ. ‘ಬಳಸಲಾಗುತ್ತಿರುವ’, ‘ಒಡ್ಡಲ್ಪಟ್ಟಾಗ’, ‘ಇರಿಸಲ್ಪಟ್ಟಾಗ’. ಮನೆಯಲ್ಲಿ, ಬೀದಿಯಲ್ಲಿ ಕನ್ನಡ ಮಾತಾಡುವ ಯಾರೂ ‘ಇರಿಸಲ್ಪಟ್ಟಿದೆ’ ಎನ್ನುವುದಿಲ್ಲ. ಮಾಡುವವರು ಯಾರು ಎಂದು ಕೇಳಿಕೊಳ್ಳಿ. ಕೇಳುಗರೇ ಆಗಿದ್ದರೆ ‘ನೀವು’ ಎನ್ನಿ. ಯಾರೆಂದು ಹೇಳುವ ಅಗತ್ಯವಿಲ್ಲದಿದ್ದರೆ ‘ಬಳಸ್ತಾರೆ’ ಎಂದರೆ ಸಾಕು. ಕನ್ನಡದಲ್ಲಿ ಕರ್ತೃಪದ ಇಲ್ಲದೆಯೂ ವಾಕ್ಯ ನಿಲ್ಲುತ್ತದೆ. ತಾನಾಗಿ ಆಗುವಂಥದ್ದಾದರೆ ‘ಬಿಸಿ ತಗುಲಿದರೆ’, ‘ಇದ್ದರೆ’ ಎಂದು ಸರಳ ಕ್ರಿಯಾಪದ ಹಾಕಿ.

ಎರಡನೆಯದು ತುದಿಯಲ್ಲಿ ಬರುವ ನಿಷೇಧ. ಇದು ಎಡವಿಸುವುದಷ್ಟೇ ಅಲ್ಲ, ಅಪಾರ್ಥವನ್ನೂ ಮಾಡುತ್ತದೆ. ‘ಪೂರ್ತಿ ಚಾರ್ಜ್ ಮಾಡಿ ಇಡಬೇಡಿ’ ಎಂಬುದನ್ನು ಹೇಳುವಾಗ ‘ಮಾಡಿ’ ಆದಮೇಲೆ ಒಂದು ಕ್ಷಣ ನಿಂತರೆ ಕೇಳುಗನಿಗೆ ‘ಪೂರ್ತಿ ಚಾರ್ಜ್ ಮಾಡಿ’ ಎಂಬ ಆಜ್ಞೆ ಮುಟ್ಟಿಯಾಯಿತು. ‘ಬೇಡಿ’ ಬರುವ ಹೊತ್ತಿಗೆ ಗೊಂದಲ. ಬೇಡವಾದದ್ದನ್ನು ಹೇಳುವ ವಾಕ್ಯ ಆದಷ್ಟು ಗಿಡ್ಡವಾಗಿರಲಿ, ಅದರಲ್ಲಿ ಒಂದೇ ಕ್ರಿಯೆ ಇರಲಿ: ‘ಫುಲ್ ಚಾರ್ಜ್ ಬೇಡ. ಅರ್ಧ ಸಾಕು.’

ಮೂರನೆಯದೂ ಇದರ ನೆಂಟ. ‘ಮಾಡಿ’, ‘ತೆಗೆದು’, ‘ಇಟ್ಟು’ ಇತ್ಯಾದಿಗಳ ಸಾಲು ಹಾಳೆಯ ಮೇಲೆ ಚೆಂದ. ಆದರೆ ‘ಮಾಡಿ’ ಎಂಬುದು ‘ಮಾಡಿದ ನಂತರ’ ಎಂಬ ಅರ್ಥವನ್ನೂ ಕೊಡುತ್ತದೆ, ‘ನೀವು ಮಾಡಿ’ ಎಂಬ ಅರ್ಥವನ್ನೂ ಕೊಡುತ್ತದೆ. ‘ಚಾರ್ಜ್ ಮಾಡಿ, ಸ್ವಿಚ್ ಆಫ್ ಮಾಡಿ, ತಂಪಾದ ಸ್ಥಳದಲ್ಲಿ ಇಡಿ’ ಎಂಬುದನ್ನು ಅಲ್ಪವಿರಾಮ ನೋಡಿ ಓದುಗ ಅರ್ಥ ಮಾಡಿಕೊಳ್ಳುತ್ತಾನೆ. ನಿರೂಪಕರಿಗೆ ದನಿ ಎತ್ತಬೇಕೋ ಇಳಿಸಬೇಕೋ ತಿಳಿಯುವುದಿಲ್ಲ, ಒಂದು ಟೇಕಿನಲ್ಲಿ ಹೀಗೆ, ಇನ್ನೊಂದರಲ್ಲಿ ಹಾಗೆ ಬರುತ್ತದೆ. ಎರಡು ಕೆಲಸಗಳವರೆಗೆ ಸರಪಳಿ ಇರಲಿ. ಮೂರನೆಯದು ಬಂದರೆ ಪೂರ್ಣವಿರಾಮ ಹಾಕಿ, ‘ಆಮೇಲೆ’ ಎಂದು ಹೊಸ ವಾಕ್ಯ ಶುರುಮಾಡಿ.

ಹಂತ 5: ಆಡುಮಾತನ್ನು ಎಷ್ಟರಮಟ್ಟಿಗೆ ಬರೆಯಬೇಕು

‘ಮಾತಿನ ಹಾಗಿರಲಿ’ ಎಂದ ಕೂಡಲೇ ಎಲ್ಲ ಪದಗಳನ್ನೂ ನುಂಗಿ ನುಂಗಿ ಬರೆಯುವ ಅಭ್ಯಾಸ ಕೆಲವರಿಗಿದೆ: ‘ಇಡ್ಬೇಡಿ’, ‘ಹುಡುಗ್ರು’, ‘ತಗೊಂಡ್ಬಿಟ್ಟು’. ಇದರಿಂದ ಓದು ಇನ್ನೂ ನಿಧಾನವಾಗುತ್ತದೆ. ಕಾರಣ ಕಣ್ಣಿಗೆ ಸಂಬಂಧಿಸಿದ್ದು. ‘ಇಡಬೇಡಿ’ಯಲ್ಲಿ ‘ಡ’ ಕಾರದ ಅಕಾರ ತೆಗೆದರೆ ‘ಡ’ದ ಕೆಳಗೆ ‘ಬ’ ಒತ್ತಾಗಿ ಕೂರುತ್ತದೆ. ಅಂಥ ಒತ್ತಕ್ಷರವನ್ನು ಕಣ್ಣು ಹೆಚ್ಚು ನೋಡಿಲ್ಲ, ಹಾಗಾಗಿ ಗುರುತಿಸಲು ಒಂದು ಕ್ಷಣ ನಿಲ್ಲುತ್ತದೆ. ಆ ಕ್ಷಣವೇ ತಡವರಿಕೆ.

ಉಪಯೋಗಕ್ಕೆ ಬರುವ ವಿಂಗಡಣೆ ಇದು: ನಾಲಿಗೆ ತಾನಾಗಿ ಮಾಡಿಕೊಳ್ಳುವ ಬದಲಾವಣೆಯನ್ನು ಬರೆಯಬೇಡಿ, ತಾನಾಗಿ ಮಾಡಿಕೊಳ್ಳಲಾರದ ಬದಲಾವಣೆಯನ್ನು ಬರೆಯಿರಿ. ‘ಇಡಬೇಡಿ’ ಎಂದು ಬರೆದರೆ ವೇಗದಲ್ಲಿ ಅದು ತಾನೇ ಗಿಡ್ಡವಾಗುತ್ತದೆ. ಆದರೆ ‘ಬರುವುದಿಲ್ಲ’ ಎಂದು ಬರೆದದ್ದು ‘ಬರಲ್ಲ’ ಆಗುವುದಿಲ್ಲ. ಅದು ಬೇರೆಯೇ ರೂಪ, ನೋಡಿ ಓದುವವರು ಬರೆದಂತೆಯೇ ಹೇಳುತ್ತಾರೆ. ಹಾಗಾಗಿ ‘ಬರಲ್ಲ’, ‘ಇರೋದು’, ‘ಆಗುತ್ತೆ’, ‘ಅಂತ’, ‘ಅನ್ನೋ’, ‘ಅದನ್ನ’ ಎಂಬಂಥವನ್ನು ಬರೆದೇ ಕೊಡಬೇಕು. ‘ಮಾಡ್ತಾರೆ’, ‘ಅಂದ್ರೆ’ ಎಂಬಂಥವು ಗಡಿಯ ಮೇಲಿವೆ. ಮೆಸೇಜುಗಳಲ್ಲಿ ದಿನವೂ ಓದುವುದರಿಂದ ಕಣ್ಣಿಗೆ ಪಳಗಿವೆ, ಬರೆದರೂ ತೊಂದರೆಯಿಲ್ಲ.

ಯಾವ ಭಾಗದ ಆಡುಮಾತು ಎಂಬುದನ್ನು ಬರೆಯುವವರು ತೀರ್ಮಾನಿಸಬಾರದು, ಹೇಳುವವರು ತೀರ್ಮಾನಿಸಬೇಕು. ನಿರೂಪಕರು ಸಹಜವಾಗಿ ಮಾತಾಡಿದ ಎರಡು ನಿಮಿಷದ ರೆಕಾರ್ಡಿಂಗ್ ಕೇಳಿ, ಅವರ ಬಾಯಲ್ಲಿ ‘ಆಗುತ್ತೆ’ ಬರುತ್ತದೋ ‘ಆಗ್ತದೆ’ ಬರುತ್ತದೋ ಗಮನಿಸಿ. ಹತ್ತು ಹದಿನೈದು ರೂಪಗಳ ಪಟ್ಟಿ ಮಾಡಿಟ್ಟುಕೊಂಡರೆ ಮುಂದಿನ ಸ್ಕ್ರಿಪ್ಟುಗಳಿಗೆಲ್ಲ ಅದೇ ಸಾಕು. ಒಮ್ಮೆ ಹಿಡಿದ ರೂಪವನ್ನು ಕೊನೆಯವರೆಗೂ ಬಿಡಬೇಡಿ. ಒಂದು ವಾಕ್ಯದಲ್ಲಿ ‘ಮಾಡ್ತಾರೆ’, ಮುಂದಿನದರಲ್ಲಿ ‘ಮಾಡಲಾಗುತ್ತದೆ’ ಎಂದು ಬಂದರೆ ಇಬ್ಬರು ಬೇರೆ ಬೇರೆ ಜನ ಮಾತಾಡಿದ ಹಾಗೆ ಕೇಳುತ್ತದೆ.

ಹಂತ 6: ಅಂಕಿ, ಚಿಹ್ನೆ, ಆವರಣ

ಅಂಕಿಯನ್ನು ನೋಡಿ ಹೇಳುವುದು ಕಷ್ಟವೇನಲ್ಲ, ಅದಕ್ಕೆ ಅಂಟಿದ ಪ್ರತ್ಯಯ ಕಷ್ಟ. ‘37ಕ್ಕಿಂತ’ ಎಂದಿದ್ದರೆ ಕಣ್ಣು ಅಂಕಿ ನೋಡಿ ‘ಮೂವತ್ತೇಳು’ ಎಂದು ಹೇಳಿಸಿಬಿಡುತ್ತದೆ, ಆಮೇಲೆ ‘ಕ್ಕಿಂತ’ ಕಾಣುತ್ತದೆ, ಹಿಂದೆ ಹೋಗಿ ‘ಮೂವತ್ತೇಳಕ್ಕಿಂತ’ ಎನ್ನಬೇಕು. ಪ್ರತ್ಯಯ ಇರುವ ಅಂಕಿಗಳನ್ನೆಲ್ಲ ಅಕ್ಷರದಲ್ಲಿ ಬರೆಯಿರಿ. ಇಸವಿಯನ್ನು ಹೇಗೆ ಹೇಳಬೇಕೆಂಬುದನ್ನೂ ಮೊದಲೇ ತೀರ್ಮಾನಿಸಿ. ‘1998ರಲ್ಲಿ’ ಎಂದು ಬಿಟ್ಟರೆ ‘ಸಾವಿರದ ಒಂಬೈನೂರ…’ ಎಂದು ಶುರುಮಾಡಿ ನಡುವೆ ಇಂಗ್ಲಿಷಿಗೆ ಹಾರುವವರು ಬಹಳ.

ದಶಾಂಶಗಳಿಗೆ ಕನ್ನಡದಲ್ಲಿ ಬಾಯಿಗೆ ಬಹಳ ಹಗುರಾದ ಪದಗಳಿವೆ. 2.5 ಎಂಬುದು ಎರಡೂವರೆ, 1.25 ಎಂಬುದು ಒಂದೂಕಾಲು, 0.75 ಎಂಬುದು ಮುಕ್ಕಾಲು. ‘5–6’ ಎಂಬುದು ಐದಾರು. ‘ಶೇ. 74.6ರಷ್ಟು ಮಂದಿ’ ಎಂಬುದನ್ನು ‘ಹೆಚ್ಚುಕಮ್ಮಿ ನಾಲ್ವರಲ್ಲಿ ಮೂವರು’ ಎನ್ನಬಹುದು. ಆದರೆ ಎರಡು ಅಂಕಿಗಳನ್ನು ಹೋಲಿಸುವ ಸಂದರ್ಭದಲ್ಲಿ, ಔಷಧದ ಪ್ರಮಾಣದಂಥ ಕಡೆಯಲ್ಲಿ ಹೀಗೆ ದುಂಡಗೆ ಮಾಡಬಾರದು. ಅಲ್ಲಿ ಪೂರ್ತಿ ಅಂಕಿಯೇ ಬರಲಿ, ಅದರ ವಾಕ್ಯದಲ್ಲಿ ಬೇರೇನೂ ಇರದಿರಲಿ.

ಆವರಣವನ್ನು ಬಾಯಲ್ಲಿ ಹೇಳಲು ಬರುವುದಿಲ್ಲ. ಒಳಗಿರುವುದು ಬೇಕಾದದ್ದೇ ಆದರೆ ಅದಕ್ಕೊಂದು ವಾಕ್ಯ ಕೊಡಿ, ಬೇಡವಾದದ್ದಾದರೆ ತೆಗೆಯಿರಿ. ‘(32° ಸೆ.ಗಿಂತ ಕಡಿಮೆ)’ ಎಂಬುದು ‘ತಂಪು ಅಂದ್ರೆ, ಮೂವತ್ತೆರಡು ಡಿಗ್ರಿ ದಾಟಬಾರದು’ ಎಂದಾಯಿತು. ಹಾಗೆಯೇ ‘ಮೇಲೆ ತಿಳಿಸಿದಂತೆ’ ಎಂಬುದು ‘ಆಗಲೇ ಹೇಳಿದ ಹಾಗೆ’ ಎಂದಾಗಬೇಕು. ಮಾತಿಗೆ ಮೇಲೆ ಕೆಳಗೆ ಇಲ್ಲ, ಮೊದಲು ಆಮೇಲೆ ಮಾತ್ರ ಇದೆ.

ಹಂತ 7: ನಾಲಿಗೆಯ ತೊಡಕು

ಇಷ್ಟೆಲ್ಲ ಆದಮೇಲೆ ಉಳಿಯುವ ‘ನಾ’ ಗುರುತುಗಳು ಕಡಿಮೆ. ಅವುಗಳಲ್ಲಿ ಒಂದು ಬಗೆ ಒತ್ತಕ್ಷರಗಳ ದಟ್ಟಣೆ: ‘ವೈಶಿಷ್ಟ್ಯ’, ‘ಸ್ವಾಸ್ಥ್ಯ’. ಒಂದು ಇದ್ದರೆ ತೊಂದರೆಯಿಲ್ಲ, ಬೆನ್ನು ಬೆನ್ನಿಗೆ ಎರಡು ಬಂದರೆ ಕಷ್ಟ. ಒಂದನ್ನು ಬದಲಿಸಿ ಅಥವಾ ನಡುವೆ ಹಗುರಾದ ಪದವೊಂದನ್ನು ತನ್ನಿ.

ಇನ್ನೊಂದು ಬಗೆ ಒಂದೇ ಥರ ಶುರುವಾಗುವ ಪದಗಳು ಪಕ್ಕಪಕ್ಕ ಬರುವುದು. ‘ಸಾಮರ್ಥ್ಯವನ್ನು ಸಾಮಾನ್ಯಕ್ಕಿಂತ’ ಎಂಬಲ್ಲಿ ಎರಡಕ್ಕೂ ‘ಸಾಮ’, ‘ಸಾಮಾ’ ಎಂಬ ಒಂದೇ ಬಗೆಯ ತಲೆ. ನಾಲಿಗೆ ಮೊದಲನೆಯದರ ಬಾಲವನ್ನು ಎರಡನೆಯದಕ್ಕೆ ಅಂಟಿಸಲು ನೋಡುತ್ತದೆ. ಇಂಥ ಕಡೆ ಉಚ್ಚಾರ ಅಭ್ಯಾಸ ಮಾಡುವುದಕ್ಕಿಂತ ಪದ ಬಿಡುವುದು ಮೇಲು. ‘ಬ್ಯಾಟರಿ ಬೇಗ ಸೊರಗುತ್ತೆ’ ಎಂದರೆ ಎರಡೂ ಪದ ಬೇಕಾಗುವುದಿಲ್ಲ.

ಹಂತ 8: ಮೂಲದೊಂದಿಗೆ ಪಕ್ಕದಲ್ಲಿಟ್ಟು ನೋಡಿ

ಈಗ ಸಿದ್ಧವಾದ ರೂಪ ಇದು:

> ಫೋನಿನ ಬ್ಯಾಟರಿಗೆ ಎರಡು ವಿಷಯ ಆಗಿಬರಲ್ಲ. ಒಂದು, ಬಿಸಿ. ಇನ್ನೊಂದು, ತುಂಬ ದಿನ ಫುಲ್ ಚಾರ್ಜ್‌ನಲ್ಲೇ ಇರೋದು. ಇವೆರಡರಿಂದ ಬ್ಯಾಟರಿ ಬೇಗ ಸೊರಗುತ್ತೆ. ಈಗ ಒಂದು ಫೋನನ್ನ ಕೆಲವು ತಿಂಗಳು ಬಳಸಲ್ಲ ಅಂತಿಟ್ಟುಕೊಳ್ಳಿ. ಅದಕ್ಕೆ ಫುಲ್ ಚಾರ್ಜ್ ಬೇಡ. ಅರ್ಧ ಸಾಕು. ಆಮೇಲೆ ಅದನ್ನ ಸ್ವಿಚ್ ಆಫ್ ಮಾಡಿ. ತಂಪಾಗಿರೋ ಜಾಗದಲ್ಲಿ ಇಡಿ. ತಂಪು ಅಂದ್ರೆ, ಮೂವತ್ತೆರಡು ಡಿಗ್ರಿ ದಾಟಬಾರದು.

ಮೂಲದಲ್ಲಿ 45 ಪದಗಳ ಒಂದು ವಾಕ್ಯವಿತ್ತು. ಇಲ್ಲಿ 43 ಪದಗಳ ಹತ್ತು ವಾಕ್ಯಗಳಿವೆ, ಅತಿ ಉದ್ದದ್ದು ಏಳು ಪದ. ಬಿಡಿಸಿ ಹೇಳಿದರೆ ಉದ್ದವಾಗುತ್ತದೆ ಎಂಬ ಭಯ ಎಷ್ಟೋ ಸಲ ಸುಳ್ಳು.

ಆದರೆ ಬಿಡಿಸುವಾಗ ಅರ್ಥ ಜಾರುವ ಅಪಾಯ ನಿಜ, ಆದ್ದರಿಂದ ವಾಕ್ಯವಾರು ಹೋಲಿಸಬೇಕು. ಮೊದಲ ವಾಕ್ಯವನ್ನು ‘ಬ್ಯಾಟರಿ ಹಾಳಾಗೋದಕ್ಕೆ ಎರಡು ಕಾರಣ’ ಎಂದು ಬರೆಯಬಹುದಿತ್ತು, ಕೇಳಲು ಚುರುಕಾಗಿಯೂ ಇತ್ತು. ಆದರೆ ಅದು ಎರಡೇ ಕಾರಣ, ಮೂರನೆಯದಿಲ್ಲ ಎಂದಂತೆ ಕೇಳುತ್ತದೆ. ಮೂಲ ಹಾಗೆ ಹೇಳಿಲ್ಲ. ‘ಆಗಿಬರಲ್ಲ’ ಎಂದಾಗ ಆ ತೊಡಕಿಲ್ಲ. ‘ಸುಮಾರು ಶೇ. 50’ರಲ್ಲಿದ್ದ ‘ಸುಮಾರು’ ಹೋಯಿತಲ್ಲ ಎನ್ನಬಹುದು. ಮಾತಿನಲ್ಲಿ ‘ಅರ್ಧ’ ಎಂದರೆ ಅಂದಾಜಿನ ಅರ್ಧವೇ, ಹಾಗಾಗಿ ನಷ್ಟವಿಲ್ಲ. ‘ಬಹುತೇಕ’, ‘ಕೆಲವೊಮ್ಮೆ’, ‘ಸಾಧ್ಯತೆ ಇದೆ’ ಎಂಬ ಪದಗಳು ಬಿಟ್ಟುಹೋಗಿದ್ದರೆ ಮಾತ್ರ ಎರಡು ಸಲ ಯೋಚಿಸಿ. ವಾಕ್ಯ ಒಡೆಯುವಾಗ ಮೊದಲು ಉದುರುವುದು ಇವೇ, ಇವು ಉದುರಿದರೆ ಊಹೆ ಸತ್ಯವಾಗಿಬಿಡುತ್ತದೆ.

ಹೊಸದಾಗಿ ಏನಾದರೂ ಸೇರಿಕೊಂಡಿದೆಯೇ ಎಂದೂ ನೋಡಿ. ಮಾತಿನ ಓಘದಲ್ಲಿ ‘ತಂಪು ಅಂದ್ರೆ ಫ್ರಿಜ್ ಅಲ್ಲ ಮತ್ತೆ!’ ಎಂದು ಬರೆಯುವ ಆಸೆಯಾಗುತ್ತದೆ. ಒಳ್ಳೆಯ ಮಾತೇ ಇರಬಹುದು, ಆದರೆ ಮೂಲದಲ್ಲಿಲ್ಲ. ಬರೆದವರನ್ನು ಕೇಳದೆ ಸೇರಿಸುವಂತಿಲ್ಲ.

ಹಂತ 9: ಪುಟದ ಜೋಡಣೆ

ಒಳ್ಳೆಯ ವಾಕ್ಯವೂ ಕೆಟ್ಟ ಜೋಡಣೆಯಲ್ಲಿ ಎಡವಿಸುತ್ತದೆ. ಒಂದು ಸಾಲಿಗೆ ಒಂದು ವಾಕ್ಯ, ಉದ್ದವಿದ್ದರೆ ಅರ್ಥ ಒಡೆಯುವ ಕಡೆ ಮುಂದಿನ ಸಾಲು. ‘ಸ್ವಿಚ್ ಆಫ್’ ಒಂದು ಸಾಲಿನಲ್ಲಿ, ‘ಮಾಡಿ’ ಇನ್ನೊಂದರಲ್ಲಿ ಬರಬಾರದು. ‘ಬೇಡ’, ‘ಇಲ್ಲ’, ‘ಬಾರದು’ ಎಂಬ ನಿಷೇಧದ ಪದ ಸಾಲಿನಾಚೆಗೆ ಬಿದ್ದರೆ ಅಪಾಯ ಹೆಚ್ಚು. ಟೆಲಿಪ್ರಾಂಪ್ಟರಿನಲ್ಲಿ ಅಕ್ಷರದ ಗಾತ್ರ ಬದಲಿಸಿದೊಡನೆ ಸಾಲುಗಳು ಮತ್ತೆ ಮುರಿಯುತ್ತವೆ, ಆದ್ದರಿಂದ ಜೋಡಣೆಯನ್ನು ಪ್ರಾಂಪ್ಟರಿಗೆ ಹಾಕಿದ ಮೇಲೆ ಇನ್ನೊಮ್ಮೆ ನೋಡಬೇಕು.

ಸಾಲುಗಳ ನಡುವಿನ ಅಂತರವನ್ನು ಅಕ್ಷರದ ಎತ್ತರದ ಒಂದೂವರೆ ಪಟ್ಟಾದರೂ ಇಡಿ. ಕನ್ನಡದ ಒತ್ತುಗಳು ಕೆಳಗೆ ಇಳಿಯುತ್ತವೆ, ಗುಣಿತದ ಚಿಹ್ನೆಗಳು ಮೇಲೆ ಏರುತ್ತವೆ. ಅಂತರ ಕಡಿಮೆಯಾದರೆ ಒಂದರ ಕಾಲು ಇನ್ನೊಂದರ ತಲೆಗೆ ತಾಗಿ ಓದು ಗೋಜಲಾಗುತ್ತದೆ. ಸಣ್ಣ ನಿಲುಗಡೆಗೆ ಒಂದು ಓರೆಗೆರೆ, ದೊಡ್ಡದಕ್ಕೆ ಎರಡು ಹಾಕಿ. ಒತ್ತು ಬೇಕಾದ ಪದಕ್ಕೆ ಅಡಿಗೆರೆ ಸಾಕು, ವಾಕ್ಯಕ್ಕೆ ಒಂದಕ್ಕಿಂತ ಹೆಚ್ಚು ಬೇಡ.

> ಅದಕ್ಕೆ ಫುಲ್ ಚಾರ್ಜ್ ಬೇಡ. /
> ಅರ್ಧ ಸಾಕು. //
> ಆಮೇಲೆ ಅದನ್ನ ಸ್ವಿಚ್ ಆಫ್ ಮಾಡಿ. /
> ತಂಪಾಗಿರೋ ಜಾಗದಲ್ಲಿ ಇಡಿ.

ಅವಧಿಯ ಲೆಕ್ಕವನ್ನೂ ಇದೇ ಪ್ರತಿಯಿಂದ ಮಾಡಿ. ನಿರೂಪಕರು ನಿಲುಗಡೆಗಳ ಸಮೇತ ಒಂದು ನಿಮಿಷದಲ್ಲಿ ಎಷ್ಟು ಪದ ಹೇಳಿದರು ಎಂದು ಮೂರು ಬೇರೆ ಬೇರೆ ಕಡೆ ಎಣಿಸಿ, ಸರಾಸರಿ ತೆಗೆಯಿರಿ. ಬೇರೆ ಭಾಷೆಯ ಲೆಕ್ಕವನ್ನು ತಂದು ಹಾಕಬೇಡಿ. ಪ್ರತ್ಯಯಗಳನ್ನು ಹೊತ್ತ ಕನ್ನಡದ ಪದಗಳು ಉದ್ದ, ನಿಮಿಷಕ್ಕೆ ಬರುವ ಸಂಖ್ಯೆ ಅದಕ್ಕೆ ತಕ್ಕಂತೆ ಕಡಿಮೆ.

ಹಂತ 10: ನೋಡದವರಿಂದ ಓದಿಸಿ

ಸ್ಕ್ರಿಪ್ಟನ್ನು ಮೊದಲು ನೋಡಿರದ ಒಬ್ಬರಿಗೆ ಕೊಟ್ಟು, ತಯಾರಿಯಿಲ್ಲದೆ ಓದಿಸಿ. ಬರೆದವರೇ ಓದಿದರೆ ಪ್ರಯೋಜನವಿಲ್ಲ, ಅವರಿಗೆ ಮುಂದಿನ ಪದ ಬಾಯಿಪಾಠವಾಗಿರುತ್ತದೆ. ಓದುವಾಗ ನೀವು ಹಾಳೆ ನೋಡದೆ ಕೇಳಿ. ಎಡವಿದ ಕಡೆ ಮತ್ತೆ ಅದೇ ಮೂರು ಗುರುತುಗಳು. ಇನ್ನೊಂದನ್ನೂ ಗಮನಿಸಿ: ಓದುವವರು ತಮಗರಿವಿಲ್ಲದೆ ಪದ ಬದಲಿಸಿ ಓದಿದ ಜಾಗಗಳು. ನೀವು ‘ಜಾಗದಲ್ಲಿ ಇಡಿ’ ಎಂದು ಬರೆದಿದ್ದು, ಅವರು ‘ಕಡೆ ಇಡಿ’ ಎಂದರೆ ಅವರ ಬಾಯಿ ಹೇಳಿದ್ದೇ ಸರಿ, ಅದನ್ನೇ ಬರೆದುಕೊಳ್ಳಿ.

ಒಂದೇ ಕಡೆ ಎರಡನೇ ಸಲವೂ ಎಡವಿದರೆ ಪದ ಬದಲಿಸುವುದನ್ನು ನಿಲ್ಲಿಸಿ. ಆ ವಾಕ್ಯವನ್ನು ಪೂರ್ತಿ ಅಳಿಸಿ, ಹಾಳೆ ಮಗುಚಿಟ್ಟು, ಎರಡನೇ ಹಂತದಿಂದ ಅದೊಂದನ್ನೇ ಮತ್ತೆ ಹೇಳಿ ಬರೆಯಿರಿ.